ಮೇಡಂ, ಒಂದು ಎಲ್‌ಓಆರ್ ಬೇಕಿತ್ತು



ಅಕ್ಟೋಬರ್ ಬಂತೆಂದರೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಸ್ಟಾಫ್ ರೂಮಿನ ಬಾಗಿಲಲ್ಲಿ ಕೊನೆಯ ವರ್ಷದ ಮಕ್ಕಳು ಕಾಣಿಸಿಕೊಳ್ಳುತ್ತಾರೆ. ಒಂದು ಕಾಲು ಹೊಸಿಲಿನಾಚೆ, ಒಂದು ಕಾಲು ಈಚೆ. ಒಳಗೆ ಕರೆದರೆ ಮೆಲ್ಲಗೆ ಹೇಳುತ್ತಾರೆ, "ಮೇಡಂ, ಒಂದು ಎಲ್‌ಓಆರ್ ಬೇಕಿತ್ತು." ಎಲ್‌ಓಆರ್ ಅಂದರೆ ಶಿಫಾರಸು ಪತ್ರ. ಹೊರದೇಶದಲ್ಲಿ ಎಂ.ಎಸ್. ಓದಲು ಅರ್ಜಿ ಹಾಕುವವರಿಗೆ ಸಾಮಾನ್ಯವಾಗಿ ಮೂರು ಪತ್ರ ಬೇಕಾಗುತ್ತವೆ. ಮೇಷ್ಟ್ರು "ಆಯ್ತಮ್ಮ, ಕೊಡೋಣ" ಅನ್ನುತ್ತಾರೆ, ಹುಡುಗಿ ಖುಷಿಯಾಗಿ ಹೋಗುತ್ತಾಳೆ. ಅಲ್ಲಿಂದ ಮುಂದಿನ ಆರು ವಾರಗಳಲ್ಲಿ ಆ "ಆಯ್ತಮ್ಮ" ಎಲ್ಲಿ ಕರಗಿಹೋಗುತ್ತದೆ, ಕರಗದಂತೆ ಹಿಡಿದಿಡುವ ಒಂದು ಇಮೇಲ್ ಹೇಗಿರಬೇಕು ಅನ್ನುವುದನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಮೂವತ್ತು ವರ್ಷ ಸಿವಿಲ್ ವಿಭಾಗದಲ್ಲಿ ಪಾಠ ಮಾಡಿದವಳು ನಾನು. ಇಂಥ ಪತ್ರಗಳನ್ನು ನೂರಾರು ಬರೆದಿದ್ದೇನೆ. ಒಂದನ್ನು ಬರೆಯದೆ ಉಳಿಸಿದ್ದೂ ಇದೆ. ಅದರಿಂದಲೇ ಶುರು ಮಾಡುತ್ತೇನೆ.

ಆ ಹುಡುಗ ಜಾಣ, ಮಿತಭಾಷಿ. ಕಾರಿಡಾರಿನಲ್ಲಿ ನನ್ನನ್ನು ಕೇಳಿದ, ನಾನು ಒಪ್ಪಿದೆ. ಅಷ್ಟೇ. ಬರವಣಿಗೆಯಲ್ಲಿ ಏನೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪತ್ರವನ್ನು ವಿದ್ಯಾರ್ಥಿಯ ಕೈಗೆ ಕೊಡುವ ಪದ್ಧತಿ ಈಗಿಲ್ಲ. ವಿದ್ಯಾರ್ಥಿ ಆನ್‌ಲೈನ್ ಅರ್ಜಿಯಲ್ಲಿ ಮೇಷ್ಟ್ರ ಹೆಸರು, ಹುದ್ದೆ, ಇಮೇಲ್ ವಿಳಾಸ ತುಂಬಿದರೆ ಆ ಕಡೆಯಿಂದ ಒಂದು ಯಾಂತ್ರಿಕ ಮೇಲ್ ಮೇಷ್ಟ್ರಿಗೆ ಬರುತ್ತದೆ. ಅದರಲ್ಲಿರುವ ಲಿಂಕ್ ತೆರೆದು ಪತ್ರವನ್ನು ಮೇಷ್ಟ್ರೇ ಏರಿಸಬೇಕು. ಆ ಮೇಲ್ ನನ್ನ ಸ್ಪ್ಯಾಮ್ ಡಬ್ಬಿಗೆ ಹೋಗಿ ಬಿದ್ದಿತ್ತು. ಅವನ ಅರ್ಜಿಯ ಪುಟದಲ್ಲಿ ನನ್ನ ಹೆಸರಿನ ಮುಂದೆ "ಇನ್ನೂ ಬಂದಿಲ್ಲ" ಎಂದು ಮೂರು ವಾರ ತೋರಿಸುತ್ತಲೇ ಇತ್ತು. ಅವನು ದಿನಾ ನೋಡುತ್ತಿದ್ದ. ಆದರೆ ಮೇಡಂಗೆ ಹೇಗೆ ನೆನಪಿಸುವುದು, ಬೇಜಾರು ಮಾಡಿಕೊಂಡಾರು ಅನ್ನುವ ಸಂಕೋಚ. ಕೊನೆಯ ದಿನ ಕಳೆಯಿತು. ಕೆಲವು ವಿಶ್ವವಿದ್ಯಾಲಯಗಳು ಅರ್ಜಿ ಸಮಯಕ್ಕೆ ಬಂದಿದ್ದರೆ ಪತ್ರಕ್ಕೆ ನಾಲ್ಕು ದಿನ ಹೆಚ್ಚು ಕೊಡುತ್ತವೆ. ಅವನು ಅರ್ಜಿ ಹಾಕಿದ್ದ ವಿಶ್ವವಿದ್ಯಾಲಯ ಕೊಡಲಿಲ್ಲ. ಅವನು ಬಂದು ಹೇಳಿದ ದಿನ ಸ್ಪ್ಯಾಮ್ ತೆರೆದು ನೋಡಿದೆ. ಒಂದೇ ಮೇಲ್ ಅಲ್ಲ, ಮೂರು ಬಂದಿದ್ದವು. ಅದು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಇದಾದ ಕೆಲವು ವರ್ಷಕ್ಕೆ ಇನ್ನೊಬ್ಬ ಹುಡುಗಿ ಕೇಳಿದಳು. ಅವಳೂ ಮೊದಲು ಸ್ಟಾಫ್ ರೂಮಿಗೇ ಬಂದಳು. ಆದರೆ ಅದೇ ಸಂಜೆ ಒಂದು ಇಮೇಲ್ ಕಳಿಸಿದಳು. ಇಂಗ್ಲಿಷಿನಲ್ಲಿ ಬರೆದಿದ್ದಳು. ಅದರ ಸಾರವನ್ನು ಕನ್ನಡದಲ್ಲಿ ಓದುತ್ತೇನೆ. ದಿನಾಂಕ ಅಕ್ಟೋಬರ್ 28 ಅನ್ನುವುದನ್ನು ನೆನಪಿಡಿ. ಅವಳ ಮೊದಲ ಡೆಡ್‌ಲೈನಿಗೆ ಆಗ ಆರು ವಾರವಿತ್ತು.

"ವಿಷಯ: ಶಿಫಾರಸು ಪತ್ರಕ್ಕಾಗಿ ಕೋರಿಕೆ, ಎಂ.ಎಸ್. ಸಿವಿಲ್, ಮೊದಲ ಕೊನೆಯ ದಿನ ಡಿಸೆಂಬರ್ 10.

ಮಾನ್ಯ ಮೇಡಂ,

ನಾನು ಏಳನೆಯ ಸೆಮಿಸ್ಟರ್ ಸಿವಿಲ್, ಬಿ ಸೆಕ್ಷನ್ ವಿದ್ಯಾರ್ಥಿನಿ. ಐದನೆಯ ಸೆಮಿಸ್ಟರಿನಲ್ಲಿ ನಿಮ್ಮ ಕಾಂಕ್ರೀಟ್ ಟೆಕ್ನಾಲಜಿ ತರಗತಿಯಲ್ಲಿದ್ದೆ. ಆರನೆಯ ಸೆಮಿಸ್ಟರಿನಲ್ಲಿ ನಮ್ಮ ಸ್ಲ್ಯಾಗ್ ಕಾಂಕ್ರೀಟ್ ಮಿನಿ ಪ್ರಾಜೆಕ್ಟಿಗೆ ನೀವು ಗೈಡ್ ಆಗಿದ್ದಿರಿ. ಮುಂದಿನ ವರ್ಷ ಅಮೆರಿಕದಲ್ಲಿ ಕಟ್ಟಡ ಸಾಮಗ್ರಿಗಳ ವಿಷಯದಲ್ಲಿ ಎಂ.ಎಸ್. ಮಾಡಬೇಕೆಂದು ಐದು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಪ್ರಯೋಗಶಾಲೆಯ ಕೆಲಸವನ್ನು ಹತ್ತಿರದಿಂದ ನೋಡಿದವರು ನೀವೊಬ್ಬರೇ. ಆದ್ದರಿಂದ ನಿಮ್ಮ ಪತ್ರ ಕೇಳುತ್ತಿದ್ದೇನೆ. ಇನ್ನೆರಡು ಪತ್ರಗಳನ್ನು ಸ್ಟ್ರಕ್ಚರ್ಸ್ ಪಾಠ ಮಾಡಿದ ಸರ್ ಮತ್ತು ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಮಾಡಿದ ಕಡೆಯ ಇಂಜಿನಿಯರ್ ಕೊಡುತ್ತಿದ್ದಾರೆ. ತರಗತಿಯ ಅಂಕಗಳ ಬಗ್ಗೆ ಅವರು ಬರೆಯುತ್ತಾರೆ.

ಮನಸಾರೆ ಬರೆಯುವಷ್ಟು ನನ್ನ ಕೆಲಸ ನಿಮಗೆ ಗೊತ್ತು ಅನ್ನಿಸಿದರೆ ಮಾತ್ರ ಒಪ್ಪಿಕೊಳ್ಳಿ. ಈ ಸೆಮಿಸ್ಟರಿನಲ್ಲಿ ಬಿಡುವಿಲ್ಲದಿದ್ದರೂ ದಯವಿಟ್ಟು ಹೇಳಿಬಿಡಿ. ನವೆಂಬರ್ 5ರೊಳಗೆ ಗೊತ್ತಾದರೆ ಬೇರೆಯವರನ್ನು ಕೇಳಲು ನನಗೆ ಸಮಯವಿರುತ್ತದೆ.

ಇದರ ಜೊತೆ ನಾಲ್ಕು ಪಿಡಿಎಫ್ ಇವೆ: ಆರು ಸೆಮಿಸ್ಟರಿನ ಅಂಕಪಟ್ಟಿ, ಒಂದು ಪುಟದ ರೆಸ್ಯೂಮೆ, ನನ್ನ ಉದ್ದೇಶದ ಬಗ್ಗೆ ಬರೆದ ಪ್ರಬಂಧದ ಕರಡು, ಮಿನಿ ಪ್ರಾಜೆಕ್ಟಿನ ವರದಿ. ವಿಶ್ವವಿದ್ಯಾಲಯಗಳ ಪಟ್ಟಿ ಕೆಳಗಿದೆ. ನೀವು ಒಪ್ಪಿದ ಮೇಲೆಯೇ ಅರ್ಜಿಗಳಲ್ಲಿ ನಿಮ್ಮ ಹೆಸರು ತುಂಬುತ್ತೇನೆ. ಯಾವ ಇಮೇಲ್ ವಿಳಾಸ ಕೊಡಲಿ ಎಂದು ತಿಳಿಸಿ."

ಇಷ್ಟೇ. ಮೊಬೈಲಿನಲ್ಲಿ ಒಂದೂವರೆ ಪರದೆ. ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಡುವಿನ ಮಾತು, ಮನಸಾರೆ ಬರೆಯುವಂತಿದ್ದರೆ ಮಾತ್ರ ಅನ್ನುವುದು. ಮಕ್ಕಳು ಈ ಸಾಲನ್ನು ಬರೆಯಲು ಹೆದರುತ್ತಾರೆ. ಹೀಗೆ ಹೇಳಿದರೆ ಮೇಷ್ಟ್ರು "ಆಗಲ್ಲ" ಅಂದುಬಿಟ್ಟರೆ? ಅನ್ನಲಿ. ಅರವತ್ತೆರಡು ಮಕ್ಕಳಿರುವ ತರಗತಿಯಲ್ಲಿ ಹಾಜರಾತಿಯ ಆಚೆ ನನಗೆ ಗೊತ್ತಿಲ್ಲದ ಎಷ್ಟೋ ಮಕ್ಕಳಿದ್ದಾರೆ. ಅಂಥವರು ಕೇಳಿದಾಗ ದಾಕ್ಷಿಣ್ಯಕ್ಕೆ ಒಪ್ಪಿದರೆ ನಾನು ಬರೆಯುವುದೇನು? "ಈಕೆ ಪರಿಶ್ರಮಿ, ಶಿಸ್ತಿನವಳು, ಪ್ರತಿಭಾವಂತೆ." ಈ ಮೂರು ಮಾತು ಯಾರಿಗೆ ಹೊಂದುವುದಿಲ್ಲ? ಆ ಕಡೆ ಓದುವ ಪ್ರಾಧ್ಯಾಪಕರು ಇಂಥ ಪತ್ರವನ್ನು ಕೂಡಲೇ ಗುರುತಿಸುತ್ತಾರೆ. ಹೆಚ್ಚೇನೂ ಹೇಳಲಾಗದವರು ಬರೆದದ್ದು ಎಂದು ಪಕ್ಕಕ್ಕಿಡುತ್ತಾರೆ. ಮೂರರಲ್ಲಿ ಒಂದು ಪತ್ರ ಹೀಗೆ ಸಪ್ಪೆಯಾದರೆ ಉಳಿದೆರಡೂ ಸೊರಗುತ್ತವೆ. ಬರೆಯಲಾಗದು ಎಂದು ಮುಂಚೆಯೇ ಹೇಳುವ ಮೇಷ್ಟ್ರು ವಿದ್ಯಾರ್ಥಿಗೆ ಉಪಕಾರವನ್ನೇ ಮಾಡುತ್ತಾರೆ. ಹಾಗೆ ಹೇಳಲು ಮೇಷ್ಟ್ರಿಗೂ ಒಂದು ಬಾಗಿಲು ಬೇಕು. ಅವಳು ಆ ಬಾಗಿಲು ತೆರೆದಿಟ್ಟಿದ್ದಳು, ಅದಕ್ಕೊಂದು ದಿನಾಂಕವನ್ನೂ ಕೊಟ್ಟಿದ್ದಳು.

ಇನ್ನೊಂದು ಮಾತು, ಉಳಿದ ಇಬ್ಬರು ಯಾರು ಎಂದು ಹೇಳಿದ್ದು. ಇದನ್ನು ಯಾರೂ ಹೇಳುವುದಿಲ್ಲ. ಹೇಳದಿದ್ದರೆ ಮೂವರೂ ಅದೇ ಸಿಜಿಪಿಎ, ಅದೇ ರ‍್ಯಾಂಕನ್ನು ಬರೆದು ಮುಗಿಸುತ್ತಾರೆ. ಅವು ಹೇಗೂ ಅಂಕಪಟ್ಟಿಯಲ್ಲಿರುತ್ತವೆ. ನನ್ನಿಂದ ಅವಳಿಗೆ ಬೇಕಾಗಿದ್ದದ್ದು ಲ್ಯಾಬಿನ ಕೆಲಸದ ಸಾಕ್ಷಿ. ಅದು ಗೊತ್ತಾದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಅವಳ ಪ್ರಾಜೆಕ್ಟ್ ವರದಿ ತೆರೆದದ್ದು.

ಆ ವರದಿಯ ಒಂದು ಪುಟದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಶಿಫಾರಸು ಪತ್ರದ ಜೀವ ಇರುವುದು ಇಂಥ ಪುಟದಲ್ಲಿ. ಅವರ ತಂಡ ಸಿಮೆಂಟಿನ ಒಂದು ಪಾಲಿನ ಬದಲು ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಪುಡಿ ಹಾಕಿ ಕಾಂಕ್ರೀಟ್ ಮಾಡಿತ್ತು. 150 ಮಿಲಿಮೀಟರ್ ಅಳತೆಯ ಘನಗಳನ್ನು ಅಚ್ಚು ಹಾಕಿ, 28 ದಿನ ನೀರಿನಲ್ಲಿಟ್ಟು, ಆಮೇಲೆ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಒಂದು ಮಾದರಿಗೆ ಮೂರು ಘನ. ಅವರ ಮೂರು ಘನಗಳ ಬಲ 38.2, 36.9 ಮತ್ತು 28.4 ಬಂತು. ಸರಾಸರಿ 34.5. ನೋಡಲು ಚೆನ್ನಾಗಿಯೇ ಇದೆ. ಆದರೆ ನಮ್ಮ ಐ.ಎಸ್. 456 ಸಂಹಿತೆಯ ಪ್ರಕಾರ ಯಾವ ಘನವೂ ಸರಾಸರಿಯಿಂದ ಶೇಕಡಾ 15ಕ್ಕಿಂತ ಆಚೀಚೆ ಹೋಗಬಾರದು. ಹೋದರೆ ಆ ಮಾದರಿಯ ಫಲಿತಾಂಶವೇ ಅಸಿಂಧು. 34.5ಕ್ಕೆ ಕೆಳಗಿನ ಮಿತಿ ಸುಮಾರು 29.3. ಮೂರನೆಯ ಘನ ಅದರ ಕೆಳಗೆ ಬಿದ್ದಿತ್ತು. ತಂಡದಲ್ಲಿ ಇಬ್ಬರು, ಅದೊಂದನ್ನು ಬಿಟ್ಟು ಉಳಿದೆರಡರ ಸರಾಸರಿ ಹಾಕೋಣ, 37.55 ಬರುತ್ತೆ ಅಂದಿದ್ದರು. ಸೆಮಿಸ್ಟರ್ ಮುಗಿಯುತ್ತ ಬಂದಿತ್ತು, ಮತ್ತೆ ಅಚ್ಚು ಹಾಕಿದರೆ ಇನ್ನೊಂದು 28 ದಿನ.

ಇವಳು ಒಡೆದ ತುಂಡುಗಳನ್ನು ಎತ್ತಿ ನೋಡಿದಳು. ಘನವನ್ನು ಯಂತ್ರದಲ್ಲಿಡುವಾಗ ಅಚ್ಚಿಗೆ ತಾಗಿದ್ದ ನಯವಾದ ಪಕ್ಕಗಳ ಮೇಲೆ ಭಾರ ಬೀಳಬೇಕು. ಕರಣೆಯಿಂದ ಸವರಿದ ಮೇಲ್ಮೈ ಒರಟಾಗಿರುತ್ತದೆ, ಅಲ್ಲಿ ಭಾರ ಸಮನಾಗಿ ಹರಡುವುದಿಲ್ಲ. ಸರಿಯಾಗಿ ಒಡೆದ ಘನ ಎರಡು ಪಿರಮಿಡ್ಡುಗಳನ್ನು ತುದಿಗೆ ತುದಿ ತಾಗಿಸಿಟ್ಟ ಹಾಗೆ ನಾಲ್ಕೂ ಪಕ್ಕ ಉದುರಿ ನಿಲ್ಲುತ್ತದೆ. ಮೂರನೆಯದು ಒಂದೇ ಮೂಲೆಯಿಂದ ಸೀಳಿತ್ತು, ಕರಣೆಯ ಗೆರೆಗಳಿದ್ದ ಮುಖ ಮೇಲ್ಗಡೆ ಇತ್ತು. ಅವಳು ಅದನ್ನು ನನಗೆ ತಂದು ತೋರಿಸಿ, "ಮೇಡಂ, ನಾವೇ ತಪ್ಪಾಗಿ ಇಟ್ಟಿದ್ದೀವಿ" ಅಂದಳು. ಮತ್ತೆ ಮೂರು ಘನ ಹಾಕಿದರು. ವರದಿಯಲ್ಲಿ ಮೊದಲ ಫಲಿತಾಂಶವನ್ನೂ, ಅದು ಏಕೆ ಅಸಿಂಧು ಅನ್ನುವುದನ್ನೂ ಬರೆದು, ಆಮೇಲೆ ಎರಡನೆಯದನ್ನು ಕೊಟ್ಟಿದ್ದಳು.

ಈಗ ಯೋಚಿಸಿ. ಏಳು ತಿಂಗಳ ಹಿಂದೆ ನಡೆದದ್ದು. ಈ ನಡುವೆ ನನ್ನ ಕೈಯಲ್ಲಿ ಇನ್ನೆಷ್ಟು ತಂಡಗಳು, ಎಷ್ಟು ಘನಗಳು ಹಾದುಹೋಗಿದ್ದವೋ. ಅವಳು ವರದಿ ಕಳಿಸದಿದ್ದರೆ 28.4 ಅನ್ನುವ ಅಂಕಿ ನನ್ನ ನೆನಪಿಗೆ ಬರುತ್ತಿರಲಿಲ್ಲ. ಒಳ್ಳೆಯ ಹುಡುಗಿ, ಪ್ರಾಮಾಣಿಕ ಎಂದು ಬರೆದು ಬಿಡುತ್ತಿದ್ದೆ. ವರದಿ ಎದುರಿಗಿದ್ದುದರಿಂದ ಆ ಘನದ ಕಥೆಯನ್ನು ಎಂಟು ಸಾಲಿನಲ್ಲಿ ಬರೆದೆ. ಪ್ರಾಮಾಣಿಕ ಅನ್ನುವ ಪದ ಬಳಸುವ ಅಗತ್ಯವೇ ಬೀಳಲಿಲ್ಲ. ಇಮೇಲಿನ ಜೊತೆ ಸಾಮಗ್ರಿ ಕೊಡುವುದು ಅಂದರೆ ಇದು. ಸರ್ಟಿಫಿಕೇಟುಗಳ ಕಂತೆ ಬೇಡ. ಮೇಷ್ಟ್ರು ಕಣ್ಣಾರೆ ನೋಡಿದ್ದನ್ನು ಅವರಿಗೇ ಮರಳಿ ಕೊಡಬೇಕು. ವರದಿ ದೊಡ್ಡದಿದ್ದರೆ "18ನೆಯ ಪುಟದಲ್ಲಿ ಆ ಮೂರು ಘನಗಳ ವಿಷಯವಿದೆ" ಎಂದು ಒಂದು ಸಾಲು ಬರೆದರೆ ಸಾಕು.

ಇಲ್ಲಿ ಒಂದು ಅಭ್ಯಾಸದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಅನ್ನುವ ಮೇಷ್ಟ್ರು ನಮ್ಮಲ್ಲಿ ಬೇಕಾದಷ್ಟು ಜನ. ಪುರುಸೊತ್ತಿಲ್ಲ, ಇಂಗ್ಲಿಷಿನಲ್ಲಿ ಬರೆಯುವ ರೂಢಿಯಿಲ್ಲ, ಕಾರಣ ಏನೇನೋ. ವಿದ್ಯಾರ್ಥಿ ತಾನೇ ಕೂತು ಮೂರು ಪತ್ರ ಬರೆಯುತ್ತಾನೆ. ಮೂರರಲ್ಲೂ ಅದೇ ವಿಶೇಷಣ, ಅದೇ ವಾಕ್ಯದ ಲಯ, ಕೆಲವೊಮ್ಮೆ ಅದೇ ಕಾಗುಣಿತದ ತಪ್ಪು. ಹಿರಿಯರೊಬ್ಬರ ಪತ್ರ ಎರವಲು ತಂದು ತಿದ್ದಿದ್ದರೆ ಹುಡುಗಿಯ ಪತ್ರದ ನಡುವೆ ಎಲ್ಲೋ ಒಂದು ಕಡೆ ಹುಡುಗನ ಸರ್ವನಾಮ ಉಳಿದುಕೊಂಡಿರುತ್ತದೆ. ಓದುವವರಿಗೆ ಇದು ತಿಳಿಯದೆ ಇರುವುದಿಲ್ಲ, ತಿಳಿದರೆ ಅನುಮಾನ ಬೀಳುವುದು ವಿದ್ಯಾರ್ಥಿಯ ಮೇಲೆ. ಹಾಗೆ ಹೇಳುವ ಮೇಷ್ಟ್ರಿಗೆ ಎದುರಾಡುವುದು ಇಪ್ಪತ್ತೊಂದು ವರ್ಷದ ಮಗುವಿಗೆ ಕಷ್ಟ, ನನಗೆ ಗೊತ್ತು. ಆದರೆ ಹೀಗೆ ಹೇಳಬಹುದು: "ಸರ್, ಪತ್ರ ನಿಮ್ಮ ಮಾತಿನಲ್ಲೇ ಇದ್ದರೆ ಚೆನ್ನ. ನಿಮ್ಮ ಕ್ಲಾಸಿನಲ್ಲಿ ನಾನು ಮಾಡಿದ ಕೆಲಸದ ಅಂಶಗಳನ್ನು ಒಂದು ಪುಟದಲ್ಲಿ ಬರೆದು ಕೊಡ್ತೀನಿ." ಹೆಚ್ಚಿನ ಮೇಷ್ಟ್ರು ಅದಕ್ಕೆ ಒಪ್ಪುತ್ತಾರೆ. ಅವರಿಗೂ ಬೇಕಿರುವುದು ನೆನಪಿಗೆ ಒಂದು ಆಸರೆ, ಅಷ್ಟೇ.

ಪತ್ರದ ಜೊತೆ ಒಂದು ನಮೂನೆಯನ್ನೂ ತುಂಬಬೇಕಾಗುತ್ತದೆ. ಈ ವಿದ್ಯಾರ್ಥಿನಿಯನ್ನು ಎಷ್ಟು ಕಾಲದಿಂದ ಬಲ್ಲಿರಿ? ಎಷ್ಟು ಜನರೊಡನೆ ಹೋಲಿಸುತ್ತಿದ್ದೀರಿ? ಅವರಲ್ಲಿ ಈಕೆ ಮೊದಲ ಶೇಕಡಾ 5ರಲ್ಲೋ, 10ರಲ್ಲೋ, 25ರಲ್ಲೋ? ಇಂಥ ಚೌಕಗಳು. ಇವಕ್ಕೆ ಬೇಕಾದ ಅಂಕಿಗಳನ್ನು, ಎಂದರೆ ತರಗತಿಯ ಸಂಖ್ಯೆ, ಆ ವಿಷಯದಲ್ಲಿ ಬಂದ ಗ್ರೇಡ್, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಗೈಡ್ ಆಗಿದ್ದರು ಅನ್ನುವುದನ್ನು, ಅವಳು ರೆಸ್ಯೂಮೆಯ ಮೇಲ್ತುದಿಯಲ್ಲೇ ಬರೆದಿದ್ದಳು. ನಾನು ಹಳೆಯ ರಿಜಿಸ್ಟರ್ ಹುಡುಕುವ ಪ್ರಮೇಯ ಬರಲಿಲ್ಲ.

ಹೆಸರಿನ ವಿಷಯವೂ ಹಾಗೇ. ಇದು ನಮ್ಮ ಕಡೆಯ ಮಕ್ಕಳಿಗೇ ವಿಶೇಷವಾದ ತೊಡಕು. ಅಂಕಪಟ್ಟಿಯಲ್ಲಿ ಹೆಸರು, ಜೊತೆಗೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅವೇ ಇನಿಷಿಯಲ್‌ಗಳು ಬಿಡಿಸಿಕೊಂಡು ಊರಿನ ಹೆಸರು, ತಂದೆಯ ಹೆಸರು ಆಗಿರುತ್ತವೆ. ತರಗತಿಯಲ್ಲಿ ಕರೆಯುವುದು ಇನ್ನೊಂದು ಚುಟುಕು ಹೆಸರಿನಿಂದ. ನಾನು ನನಗೆ ಗೊತ್ತಿರುವಂತೆ ಬರೆದರೆ ಅರ್ಜಿಯಲ್ಲಿರುವ ಹುಡುಗಿಯೂ ಪತ್ರದಲ್ಲಿರುವ ಹುಡುಗಿಯೂ ಬೇರೆ ಬೇರೆಯಾಗಿ ಕಾಣುತ್ತಾರೆ. ಅರ್ಜಿಯಲ್ಲಿ ತುಂಬಿದ ಹೆಸರನ್ನು ಅಕ್ಷರ ಅಕ್ಷರವಾಗಿ ಮೇಲಿನಲ್ಲಿ ಬರೆದುಕೊಡಬೇಕು.

ನಾನು ಮರುದಿನವೇ ಒಪ್ಪಿಗೆ ಬರೆದು ಕಾಲೇಜಿನ ಇಮೇಲ್ ವಿಳಾಸ ಕೊಟ್ಟೆ. ನಮ್ಮಲ್ಲಿ ಎಷ್ಟೋ ಅಧ್ಯಾಪಕರು ಎಲ್ಲದಕ್ಕೂ ಜಿಮೇಲನ್ನೇ ಬಳಸುತ್ತಾರೆ, ಕಾಲೇಜಿನ ವಿಳಾಸ ತೆರೆದು ಎಷ್ಟೋ ತಿಂಗಳಾಗಿರುತ್ತದೆ. ಆದರೆ ಅನೇಕ ವಿಶ್ವವಿದ್ಯಾಲಯಗಳು ಸಂಸ್ಥೆಯ ವಿಳಾಸವನ್ನೇ ಕೇಳುತ್ತವೆ. ಜಿಮೇಲ್ ವಿಳಾಸವನ್ನು ಯಾರು ಬೇಕಾದರೂ ಯಾರ ಹೆಸರಿನಲ್ಲಾದರೂ ತೆರೆಯಬಹುದಲ್ಲ. ಹಾಗಾಗಿ ಯಾವ ವಿಳಾಸ ಎಂದು ಮೇಷ್ಟ್ರನ್ನು ಕೇಳಿಯೇ ತುಂಬುವುದು ಒಳ್ಳೆಯದು.

ಅರ್ಜಿಯಲ್ಲಿ ವಿದ್ಯಾರ್ಥಿಗೂ ಒಂದು ಪ್ರಶ್ನೆ ಇರುತ್ತದೆ. ಈ ಪತ್ರವನ್ನು ಮುಂದೆ ಓದುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು. ಅಮೆರಿಕದಲ್ಲಿ 1974ರ ಒಂದು ಕಾನೂನಿನ ಪ್ರಕಾರ ಅಲ್ಲಿ ಸೇರಿದ ವಿದ್ಯಾರ್ಥಿ ತನ್ನ ದಾಖಲೆಗಳನ್ನು ನೋಡಬಹುದು. ಹೆಚ್ಚಿನವರು ಆ ಹಕ್ಕನ್ನು ಬಿಟ್ಟುಕೊಡುತ್ತಾರೆ. ವಿದ್ಯಾರ್ಥಿ ಓದುವುದಿಲ್ಲ ಅನ್ನುವ ಪತ್ರಕ್ಕೆ ಹೆಚ್ಚು ಬೆಲೆ. ಹಾಗೆ ಬಿಟ್ಟುಕೊಟ್ಟ ಮೇಲೆ "ಮೇಡಂ, ಒಂದ್ಸಲ ತೋರಿಸ್ತೀರಾ" ಎಂದು ಕೇಳುವುದು ತಪ್ಪು. ಕೇಳಿದವರಿಗೆ ನಾನು ತೋರಿಸಿಲ್ಲ.

ಇನ್ನು ಅವಳ ಪಟ್ಟಿಗೆ ಬರುತ್ತೇನೆ. ಐದು ಸಾಲು. ಪ್ರತಿ ಸಾಲಿನಲ್ಲಿ ವಿಶ್ವವಿದ್ಯಾಲಯದ ಪೂರ್ತಿ ಹೆಸರು, ಕೋರ್ಸಿನ ಹೆಸರು, ಅವರ ಡೆಡ್‌ಲೈನ್, ಅದು ನಮ್ಮ ಗಡಿಯಾರದಲ್ಲಿ ಎಷ್ಟು ಹೊತ್ತಿಗೆ, ಲಿಂಕ್ ಯಾವ ಹೆಸರಿನಿಂದ ಬರುತ್ತದೆ, ಕೊನೆಯಲ್ಲಿ ಒಂದು ಖಾಲಿ ಚೌಕ. ಡಿಸೆಂಬರ್ 10ಕ್ಕೆ ಒಂದು, 15ಕ್ಕೆ ಎರಡು, ಜನವರಿ 5ಕ್ಕೆ ಒಂದು, 15ಕ್ಕೆ ಒಂದು. ನಮ್ಮ ಗಡಿಯಾರದ ಮಾತು ಏಕೆಂದರೆ, ಅವರ ಡಿಸೆಂಬರ್ 15ರ ರಾತ್ರಿ 11 ಗಂಟೆ 59 ನಿಮಿಷ ಅನ್ನುವುದು ಪೂರ್ವ ಕರಾವಳಿಯಲ್ಲಾದರೆ ನಮಗೆ 16ರ ಬೆಳಿಗ್ಗೆ 10 ಗಂಟೆ 29 ನಿಮಿಷ. ಪಶ್ಚಿಮ ಕರಾವಳಿಯಲ್ಲಾದರೆ ಮಧ್ಯಾಹ್ನ 1 ಗಂಟೆ 29 ನಿಮಿಷ. ಹೆಚ್ಚು ಹೊತ್ತು ಸಿಕ್ಕಿತು ಎಂದು ಅವಳು ಬೀಗಲಿಲ್ಲ. ಪಟ್ಟಿಯ ಕೆಳಗೆ, "ಕೊನೆಯ ಗಂಟೆಗಳಲ್ಲಿ ಪುಟ ತೆರೆಯದೆ ಹೋಗಬಹುದು, ಎರಡು ದಿನ ಮುಂಚೆ ಆದರೆ ನಿಶ್ಚಿಂತೆ" ಎಂದು ಬರೆದು ಪ್ರತಿಯೊಂದಕ್ಕೂ ಎರಡು ದಿನ ಹಿಂದಿನ ತಾರೀಖು ಹಾಕಿದ್ದಳು.

ಪಿಡಿಎಫ್‌ಗಳನ್ನು ಅವಳು ಮೇಲಿಗೇ ಅಂಟಿಸಿದ್ದಳು. ಡ್ರೈವ್ ಲಿಂಕ್ ಕಳಿಸುವವರ ಫೈಲ್ ಬಹಳ ಸಲ "ಅನುಮತಿ ಬೇಕು" ಅನ್ನುತ್ತದೆ. ನಾನು ಬಸ್ಸಿನಲ್ಲಿ ತೆರೆಯುತ್ತೇನೆ, ಅನುಮತಿ ಕೇಳುತ್ತೇನೆ, ಅವರು ರಾತ್ರಿ ಕೊಡುತ್ತಾರೆ, ಅಷ್ಟರಲ್ಲಿ ನಾನು ಮರೆತಿರುತ್ತೇನೆ. ಫೈಲಿನ ಹೆಸರಿನಲ್ಲೂ ಅವಳ ಹೆಸರಿತ್ತು. ಬರೀ "ರೆಸ್ಯೂಮೆ ಫೈನಲ್ 2" ಅನ್ನುವ ಫೈಲುಗಳು ನನ್ನ ಕಂಪ್ಯೂಟರಿನಲ್ಲಿ ಇನ್ನೂ ಹತ್ತಾರು ಇವೆ, ಯಾರವು ಎಂದು ತೆರೆದೇ ನೋಡಬೇಕು.

ನವೆಂಬರ್ 20ಕ್ಕೆ ಅವಳಿಂದ ಎರಡು ಸಾಲಿನ ಮೇಲ್ ಬಂತು: "ಮೇಡಂ, ಐದೂ ಅರ್ಜಿಗಳಲ್ಲಿ ನಿಮ್ಮ ಹೆಸರು ತುಂಬಿದ್ದೇನೆ. ಲಿಂಕ್‌ಗಳು ಬಂದಿರಬೇಕು, ಕಾಣದಿದ್ದರೆ ಸ್ಪ್ಯಾಮಿನಲ್ಲಿ ನೋಡುತ್ತೀರಾ?" ಹಳೆಯ ಮೇಲಿಗೇ ಉತ್ತರವಾಗಿ ಬರೆದಿದ್ದಳು, ಹಾಗಾಗಿ ಪಟ್ಟಿಯೂ ಫೈಲುಗಳೂ ಅದರ ಕೆಳಗೇ ಇದ್ದವು. ಇದು ಕಾಟ ಕೊಟ್ಟಂತಲ್ಲ. ಆ ಮೊದಲಿನ ಹುಡುಗ ಇಂಥ ಎರಡು ಸಾಲು ಬರೆದಿದ್ದರೆ ಎಂದು ನನಗೆ ಅವತ್ತು ಅನ್ನಿಸಿತು.

ಒಂದು ಭಾನುವಾರ ಪತ್ರ ಬರೆದು, ಲೆಟರ್‌ಹೆಡ್ಡಿನಲ್ಲಿ ಸಹಿ ಮಾಡಿ, ಸ್ಕ್ಯಾನ್ ಮಾಡಿಟ್ಟೆ. ಡಿಸೆಂಬರ್ 6ರ ಸಂಜೆ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಏರಿಸಲು ಕೂತೆ. ಸ್ಪ್ಯಾಮಿನಲ್ಲಿ ಎರಡು ಲಿಂಕ್, ಇನ್‌ಬಾಕ್ಸಿನಲ್ಲಿ ಎರಡು. ಒಂದೊಂದನ್ನೇ ಮುಗಿಸಿ ಚೌಕಕ್ಕೆ ಗುರುತು ಹಾಕುತ್ತ ಬಂದಾಗ ಮೂರನೆಯ ಸಾಲಿನ ಚೌಕ ಖಾಲಿ ಉಳಿಯಿತು. ಡಿಸೆಂಬರ್ 15ರ ಎರಡರಲ್ಲಿ ಒಂದು. ಪಟ್ಟಿ ಇಲ್ಲದಿದ್ದರೆ ಬಂದ ನಾಲ್ಕನ್ನೂ ಮುಗಿಸಿ ಕೆಲಸವಾಯಿತು ಎಂದುಕೊಂಡು ಏಳುತ್ತಿದ್ದೆ. ಅವಳಿಗೆ ಬರೆದೆ: "ಮೂರನೆಯದು ಬಂದಿಲ್ಲ, ಸ್ಪ್ಯಾಮಿನಲ್ಲೂ ಇಲ್ಲ." ಹತ್ತು ನಿಮಿಷದಲ್ಲಿ ಫೋನ್ ಮಾಡಿದಳು. ಆ ಒಂದು ಅರ್ಜಿಯಲ್ಲಿ ನನ್ನ ವಿಳಾಸ ತುಂಬುವಾಗ ಒಂದು ಚುಕ್ಕಿ ಬಿಟ್ಟುಹೋಗಿತ್ತು. ತಿದ್ದಿ ಮತ್ತೆ ಕಳಿಸುವ ಗುಂಡಿ ಒತ್ತಿದಳು. ರಾತ್ರಿ ಒಂಬತ್ತಕ್ಕೆ ಲಿಂಕ್ ಬಂತು, ಐದನೆಯ ಚೌಕಕ್ಕೂ ಗುರುತು ಹಾಕಿ ಆ ಹಾಳೆಯ ಫೋಟೊ ತೆಗೆದು ಅವಳಿಗೆ ಕಳಿಸಿದೆ.